ಕೆಎಎಸ್ ಪೂರ್ವಭಾವಿ: ಯಾವ ಪುಸ್ತಕ ಕೊಳ್ಳಬೇಕು, ಯಾವುದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು?

"ಸರ್, ಕೆಎಎಸ್‌ಗೆ ಓದಬೇಕು ಅಂತಿದ್ದೇನೆ. ಯಾವ್ಯಾವ ಬುಕ್ ತಗೊಳ್ಳಲಿ?" ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ. ಕೇಳುವವರಲ್ಲಿ ಹಲವರು ಆಗಲೇ ಒಂದು ಕಪಾಟು ತುಂಬುವಷ್ಟು ಗೈಡ್ ಕೊಂಡಿರುತ್ತಾರೆ. ಇನ್ನೂ ಏನೋ ಬಿಟ್ಟುಹೋಗಿದೆ ಎಂಬ ಭಯ ಮಾತ್ರ ಹೋಗಿರುವುದಿಲ್ಲ. ನಾನು ಒಂದು ಪಟ್ಟಿ ಕೊಟ್ಟರೆ ಆ ಭಯ ಇನ್ನೂ ಜಾಸ್ತಿ ಆಗುತ್ತದೆ, ಯಾಕೆಂದರೆ ಇನ್ನೊಬ್ಬರ ಪಟ್ಟಿ ಬೇರೆ ಇರುತ್ತದೆ. ಅದಕ್ಕೇ ಇಲ್ಲಿ ಪಟ್ಟಿ ಕೊಡುವುದಿಲ್ಲ. ಪುಸ್ತಕವನ್ನು ಪರೀಕ್ಷಿಸುವ ವಿಧಾನ ಹೇಳುತ್ತೇನೆ. ದುಡ್ಡು ಕೊಡುವ ಮೊದಲು, ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಒಂದು ಗಂಟೆ ಕೂತರೆ ಸಾಕು.

ಉದಾಹರಣೆಗಳೆಲ್ಲ ಕರ್ನಾಟಕ ಲೋಕಸೇವಾ ಆಯೋಗ ನಡೆಸುವ ಗೆಜೆಟೆಡ್ ಪ್ರೊಬೇಷನರ್ಸ್ ಪೂರ್ವಭಾವಿ ಪರೀಕ್ಷೆಯವು. ಕನ್ನಡ ಮಾಧ್ಯಮದಲ್ಲಿ ಬರೆಯುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಪಿಡಿಒ, ಎಫ್‌ಡಿಎ ಓದುವವರಿಗೂ ವಿಧಾನ ಇದೇ. ಪಠ್ಯಕ್ರಮ ಮಾತ್ರ ಬೇರೆ.

ಮೊದಲು ಎರಡು ಪದ ತಿಳಿಸಿಬಿಡುತ್ತೇನೆ. ಒಂದು ವಿಷಯವನ್ನು ಬಲ್ಲವರು ಕಾರಣ, ಹಿನ್ನೆಲೆ, ಪರಿಣಾಮಗಳ ಸಮೇತ ವಿವರಿಸಿ ಬರೆದ ಪುಸ್ತಕಕ್ಕೆ 'ಸ್ಟ್ಯಾಂಡರ್ಡ್ ಬುಕ್' ಅಥವಾ ಆಧಾರ ಪುಸ್ತಕ ಅನ್ನುತ್ತೇವೆ. ಅದರಿಂದಲೋ ಬೇರೆ ಗೈಡ್‌ನಿಂದಲೋ ಅಂಶಗಳನ್ನು ಎತ್ತಿಕೊಂಡು ಒಂದೊಂದು ಸಾಲಾಗಿ ಜೋಡಿಸಿದ್ದು 'ಗೈಡ್'. ಗೈಡ್ ಕೆಟ್ಟದ್ದು ಅಂತಲ್ಲ. ಅದರ ಕೆಲಸ ಮರುಓದು. ಮೊದಲ ಓದಿಗೇ ಅದನ್ನು ಹಿಡಿದರೆ ಕಷ್ಟ.

ಬೇಕಾಗುವ ಸಾಮಗ್ರಿ

ಇತ್ತೀಚಿನ ಅಧಿಸೂಚನೆ, ಅಂದರೆ ಹುದ್ದೆ ಮತ್ತು ಪಠ್ಯಕ್ರಮ ತಿಳಿಸಿ ಆಯೋಗ ಹೊರಡಿಸುವ ಪ್ರಕಟಣೆ. ಹಿಂದಿನ ಮೂರು ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳು. ಅವುಗಳ ಕೀ ಉತ್ತರ, ಅಂದರೆ ಆಯೋಗವೇ ಪ್ರಕಟಿಸುವ ಸರಿಯುತ್ತರದ ಪಟ್ಟಿ. ಇವಕ್ಕೆಲ್ಲ kpsc.kar.nic.in ನೋಡಿ. ಪ್ರಶ್ನೆಪತ್ರಿಕೆಗಳನ್ನು ಪ್ರಿಂಟ್ ತೆಗೆಸಿ. ಮೊಬೈಲಿನಲ್ಲಿ ನೋಡಿದರೆ ಈ ಕೆಲಸ ಆಗುವುದಿಲ್ಲ, ಪಕ್ಕದಲ್ಲಿ ಗುರುತು ಹಾಕಬೇಕು. ಜೊತೆಗೆ ಒಂದು ನೋಟ್‌ಬುಕ್, ಪೆನ್ಸಿಲ್.

ಹಂತ 1: ಅಂಕ ಎಲ್ಲಿದೆ ನೋಡಿ

ಪೂರ್ವಭಾವಿಯಲ್ಲಿ ಎರಡು ಪತ್ರಿಕೆ. ಒಂದೊಂದರಲ್ಲೂ 100 ಪ್ರಶ್ನೆ, 200 ಅಂಕ, ಎರಡು ಗಂಟೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದಲ್ಲಿ ಕಾಲು ಭಾಗ ಹೋಗುತ್ತದೆ.

ಮೊದಲ ಪತ್ರಿಕೆಯಲ್ಲಿ ರಾಷ್ಟ್ರೀಯ, ಅಂತರರಾಷ್ಟ್ರೀಯ ವಿದ್ಯಮಾನಕ್ಕೆ 40 ಪ್ರಶ್ನೆ. ಉಳಿದ 60 ಮಾನವಿಕ ವಿಷಯಗಳಿಗೆ: ಇತಿಹಾಸ, ಭೂಗೋಳ, ರಾಜ್ಯಾಡಳಿತ, ಅರ್ಥವ್ಯವಸ್ಥೆ. ಎರಡನೇ ಪತ್ರಿಕೆಯಲ್ಲಿ ರಾಜ್ಯದ ವಿದ್ಯಮಾನ ಮತ್ತು ಕಾರ್ಯಕ್ರಮಗಳಿಗೆ 40, ವಿಜ್ಞಾನ, ತಂತ್ರಜ್ಞಾನ, ಪರಿಸರಕ್ಕೆ 30, ಮಾನಸಿಕ ಸಾಮರ್ಥ್ಯಕ್ಕೆ 30. ನೀವು ಬರೆಯುವ ವರ್ಷದ ಅಧಿಸೂಚನೆಯ ಜೊತೆ ಇದನ್ನು ಒಮ್ಮೆ ತಾಳೆ ನೋಡಿಕೊಳ್ಳಿ.

ಈಗ ಲೆಕ್ಕ ಹಾಕಿ. 200 ಪ್ರಶ್ನೆಗಳಲ್ಲಿ 80 ವಿದ್ಯಮಾನಕ್ಕೇ ಹೋದವು. ಅವಕ್ಕೆ ದಪ್ಪ ಪುಸ್ತಕ ಬೇಡ. ದಿನಪತ್ರಿಕೆ ಮತ್ತು ಸರ್ಕಾರದ ದಾಖಲೆಗಳು ಬೇಕು. ಇನ್ನು 30 ಮಾನಸಿಕ ಸಾಮರ್ಥ್ಯದವು. ಅಲ್ಲಿನ ಗಣಿತ ಎಸ್‌ಎಸ್‌ಎಲ್‌ಸಿ ಮಟ್ಟದ್ದು. ಆಧಾರ ಪುಸ್ತಕದಿಂದ ನೇರವಾಗಿ ಉಪಯೋಗ ಆಗುವುದು ಉಳಿದ 90 ಪ್ರಶ್ನೆಗಳಿಗೆ. ಆ 90 ಕೂಡ ನಾಲ್ಕೈದು ವಿಷಯಗಳಲ್ಲಿ ಹಂಚಿಹೋಗುತ್ತವೆ. ಒಂದೊಂದು ವಿಷಯಕ್ಕೆ ಮೂರು ಮೂರು ಪುಸ್ತಕ ಕೊಳ್ಳುವವರು ಈ ಲೆಕ್ಕ ಹಾಕಿರುವುದಿಲ್ಲ.

ಹಂತ 2: ಹಳೆಯ ಪತ್ರಿಕೆಗೆ ಗುರುತು ಹಾಕಿ

ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಎರಡು ಗುರುತು ಹಾಕಿ. ಮೊದಲನೆಯದು ವಿಷಯ: 'ಇ' ಇತಿಹಾಸ, 'ಭೂ' ಭೂಗೋಳ, ಹೀಗೆ. ಎರಡನೆಯದು ಪ್ರಶ್ನೆಯ ಬಗೆ. ನಾನು ಮೂರು ಬಗೆ ಮಾಡಿಕೊಳ್ಳುತ್ತೇನೆ.

'ನೇರ' ಅಂದರೆ ಒಂದು ಹೆಸರು, ಒಂದು ವರ್ಷ ಗೊತ್ತಿದ್ದರೆ ಮುಗಿಯುವ ಪ್ರಶ್ನೆ. 'ಹೇಳಿಕೆ' ಅಂದರೆ ಎರಡು ಮೂರು ವಾಕ್ಯ ಕೊಟ್ಟು ಯಾವುದು ಸರಿ, ಯಾವುದು ತಪ್ಪು ಎಂದು ಕೇಳುವುದು. ಹೊಂದಿಸಿ ಬರೆಯುವುದನ್ನೂ ಇದರಲ್ಲೇ ಸೇರಿಸಿ. 'ಕಾರಣ' ಅಂದರೆ ಒಂದು ಪ್ರತಿಪಾದನೆ, ಒಂದು ಕಾರಣ ಕೊಟ್ಟು ಎರಡಕ್ಕೂ ಸಂಬಂಧ ಇದೆಯೇ ಎಂದು ಕೇಳುವುದು.

ಈ ಕೆಲಸ ಬೇಸರದ್ದು, ನಿಜ. ಆದರೆ ಮುಂದಿನ ಹಂತಗಳೆಲ್ಲ ಇದರ ಮೇಲೇ ನಿಂತಿವೆ. ಮೂರು ವರ್ಷದ ಪತ್ರಿಕೆಗೆ ಗುರುತು ಹಾಕಿದ ಮೇಲೆ ಪ್ರತಿ ವಿಷಯದಿಂದಲೂ ಹದಿನೈದು ಪ್ರಶ್ನೆ ಆರಿಸಿ, ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಐದು ನೇರ, ಹತ್ತು ಹೇಳಿಕೆ ಮತ್ತು ಕಾರಣದವು. ಯಾವುದೇ ಪುಸ್ತಕವನ್ನು ಅಳೆಯಲು ನಿಮಗೆ ಬೇಕಾದ ಅಳತೆಗೋಲು ಇದೇ.

ಇಲ್ಲಿ ಒಂದು ಎಚ್ಚರಿಕೆ. ನಿಮಗೆ ಉತ್ತರ ಗೊತ್ತಿರುವ ಸುಲಭದ ಪ್ರಶ್ನೆಗಳನ್ನೇ ಆರಿಸಬೇಡಿ. ಅವು ಎಲ್ಲ ಗೈಡ್‌ಗಳಲ್ಲೂ ಸಿಗುತ್ತವೆ. ಆಗ ಎಲ್ಲ ಪುಸ್ತಕಗಳೂ ಒಳ್ಳೆಯವಾಗಿಯೇ ಕಾಣುತ್ತವೆ.

ಹಂತ 3: ಪುಕ್ಕಟೆ ಸಿಗುವುದನ್ನು ಮೊದಲು ತೆಗೆದಿಡಿ

ಅಂಗಡಿಗೆ ಹೋಗುವ ಮೊದಲು ಇದನ್ನು ಮಾಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು textbooks.karnataka.gov.in ನಲ್ಲಿ ಪಿಡಿಎಫ್ ರೂಪದಲ್ಲಿವೆ. 8, 9, 10ನೇ ತರಗತಿಯ ಸಮಾಜ ವಿಜ್ಞಾನ ಮತ್ತು ವಿಜ್ಞಾನ ಇಳಿಸಿಕೊಳ್ಳಿ. ವಿಜ್ಞಾನ ಮತ್ತು ಗಣಿತದಲ್ಲಿ ನಮ್ಮ ರಾಜ್ಯ ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ ಅಳವಡಿಸಿಕೊಂಡು ಕನ್ನಡಕ್ಕೆ ತಂದಿದೆ. ಹಾಗಾಗಿ ಮೂಲ ವಿಜ್ಞಾನಕ್ಕೆ 'ಎನ್‌ಸಿಇಆರ್‌ಟಿ ಸಾರಾಂಶ' ಎಂದು ಹಣೆಪಟ್ಟಿ ಹಚ್ಚಿದ ಗೈಡ್ ಕೊಳ್ಳುವ ಅಗತ್ಯವೇ ಇಲ್ಲ. ಮೂಲವೇ ಕನ್ನಡದಲ್ಲಿ, ಚಿತ್ರಗಳ ಸಮೇತ, ಪುಕ್ಕಟೆ ಇದೆ.

ರಾಜ್ಯದ ಅರ್ಥವ್ಯವಸ್ಥೆಗೆ ಇದಕ್ಕಿಂತ ದೊಡ್ಡ ಉಳಿತಾಯ ಇದೆ. ರಾಜ್ಯದ ಯೋಜನಾ ಇಲಾಖೆ ಪ್ರತಿ ವರ್ಷ ಬಜೆಟ್ ಹೊತ್ತಿಗೆ 'ಕರ್ನಾಟಕ ಆರ್ಥಿಕ ಸಮೀಕ್ಷೆ' ಹೊರತರುತ್ತದೆ. ಕನ್ನಡದಲ್ಲೂ ಬರುತ್ತದೆ, ಇಂಗ್ಲಿಷ್‌ನಲ್ಲೂ ಬರುತ್ತದೆ. ಮಾರುಕಟ್ಟೆಯ 'ಕರ್ನಾಟಕ ಅರ್ಥವ್ಯವಸ್ಥೆ' ಗೈಡ್‌ಗಳ ಅಂಕಿಅಂಶ ಬಹುಪಾಲು ಬರುವುದು ಇಲ್ಲಿಂದಲೇ, ಅದೂ ಒಂದೋ ಎರಡೋ ವರ್ಷ ಹಳೆಯದು. ಸಮೀಕ್ಷೆ ದಪ್ಪ ಇರುತ್ತದೆ, ಪೂರ್ತಿ ಓದಬೇಡಿ. ಪ್ರತಿ ಅಧ್ಯಾಯದ ಪೀಠಿಕೆ, ಯೋಜನೆಗಳ ವಿವರ, ಜಿಲ್ಲಾವಾರು ಹೋಲಿಕೆಯ ಕೋಷ್ಟಕ, ಇಷ್ಟು ನೋಡಿ. ಜೊತೆಗೆ ಮುಖ್ಯಮಂತ್ರಿಗಳ ಅಥವಾ ಹಣಕಾಸು ಸಚಿವರ ಬಜೆಟ್ ಭಾಷಣವನ್ನು ಇಟ್ಟುಕೊಳ್ಳಿ. ಕೇಂದ್ರದ ಆರ್ಥಿಕ ಸಮೀಕ್ಷೆ ಮತ್ತು ಬಜೆಟ್ indiabudget.gov.in ನಲ್ಲಿವೆ.

ರಾಜ್ಯದ ಕಾಯಿದೆಗಳ ಕನ್ನಡ ಪಾಠ dpal.karnataka.gov.in ನಲ್ಲಿ ಸಿಗುತ್ತದೆ. ಪಂಚಾಯತ್ ರಾಜ್ ಬಗ್ಗೆ ಗೈಡ್ ಏನೇ ಹೇಳಲಿ, 1993ರ ಅಧಿನಿಯಮವನ್ನು ಒಮ್ಮೆ ತೆರೆದು ನೋಡಿ. ಗ್ರಾಮ ಸಭೆ, ವಾರ್ಡ್ ಸಭೆಗಳ ಪ್ರಕರಣಗಳನ್ನು ಓದಿದರೆ ಗೈಡ್‌ನಲ್ಲಿ ಎಷ್ಟು ಬಿಟ್ಟುಹೋಗಿದೆ ಎಂದು ನಿಮಗೇ ಕಾಣುತ್ತದೆ.

ಇಷ್ಟನ್ನೂ ತೆಗೆದಿಟ್ಟ ಮೇಲೆ ನಿಮ್ಮ ಹದಿನೈದು ಪ್ರಶ್ನೆಗಳ ಪಟ್ಟಿ ಹಿಡಿದು ಹುಡುಕಿ. ಎಷ್ಟಕ್ಕೆ ಉತ್ತರ ಸಿಗುವುದಿಲ್ಲವೋ ಅಷ್ಟೇ ನಿಮ್ಮ ಕೊರತೆ. ಆ ಕೊರತೆ ತುಂಬಲು ಮಾತ್ರ ದುಡ್ಡು ಖರ್ಚು ಮಾಡಿ.

ಹಂತ 4: ಒಂದು ವಿಷಯಕ್ಕೆ ಒಂದೇ ಪುಸ್ತಕ. ಆರಿಸುವುದು ಹೀಗೆ

ಕರ್ನಾಟಕ ಇತಿಹಾಸವನ್ನೇ ತೆಗೆದುಕೊಂಡು ಪೂರ್ತಿ ಮಾಡಿ ತೋರಿಸುತ್ತೇನೆ. ಮುಂದೆ ಮೂರು ಪುಸ್ತಕ ಇಟ್ಟುಕೊಂಡಿದ್ದೀರಿ ಎನ್ನಿ. ಒಂದು, ನೀವು ಇಳಿಸಿಕೊಂಡ ಶಾಲಾ ಪಠ್ಯ. ಎರಡು, ಸೂರ್ಯನಾಥ ಕಾಮತ್ ಅವರ ಕರ್ನಾಟಕದ ಸಂಕ್ಷಿಪ್ತ ಇತಿಹಾಸದಂಥ ಆಧಾರ ಪುಸ್ತಕ. ಕಾಮತ್ ಅವರು ರಾಜ್ಯ ಗ್ಯಾಸೆಟಿಯರ್‌ನ ಮುಖ್ಯ ಸಂಪಾದಕರಾಗಿದ್ದವರು. ಮೂರು, ಹೆಚ್ಚು ಮಾರಾಟವಾಗುವ ಯಾವುದಾದರೂ ಗೈಡ್.

ಈಗ ಹೇಳಿಕೆ ರೂಪದ ಮೂರು ಪ್ರಶ್ನೆ ನೋಡೋಣ. ಇವು ನಾನು ಮಾದರಿಗೆ ಬರೆದವು. ನೀವು ನಿಮ್ಮ ಪಟ್ಟಿಯಿಂದಲೇ ತೆಗೆದುಕೊಳ್ಳಿ.

ಮೊದಲನೆಯದು: "ಐಹೊಳೆ ಶಾಸನವನ್ನು ರಚಿಸಿದವನು ರವಿಕೀರ್ತಿ. ಅದರ ಭಾಷೆ ಕನ್ನಡ." ಮೊದಲ ವಾಕ್ಯ ಸರಿ. ಎರಡನೆಯದು ತಪ್ಪು, ಭಾಷೆ ಸಂಸ್ಕೃತ. 'ಐಹೊಳೆ, ರವಿಕೀರ್ತಿ, ಇಮ್ಮಡಿ ಪುಲಕೇಶಿ, 634' ಎಂದು ಒಂದೇ ಸಾಲು ಕೊಟ್ಟ ಗೈಡ್‌ನಿಂದ ನೇರ ಪ್ರಶ್ನೆಗೆ ಉತ್ತರ ಬರುತ್ತದೆ. ಈ ಪ್ರಶ್ನೆಗೆ ಬರುವುದಿಲ್ಲ. ಶಾಸನ ಎಲ್ಲಿದೆ, ಯಾವ ಭಾಷೆ, ಯಾಕೆ ಬರೆಸಿದರು, ಹರ್ಷನ ಸೋಲಿನ ಮಾತು ಅದರಲ್ಲಿ ಹೇಗೆ ಬರುತ್ತದೆ ಎಂದು ಒಂದು ಪ್ಯಾರಾದಲ್ಲಾದರೂ ಹೇಳುವ ಪುಸ್ತಕ ಬೇಕು.

ಎರಡನೆಯದು: "ಮೈಸೂರು ಪ್ರಜಾಪ್ರತಿನಿಧಿ ಸಭೆ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾಯಿತು. ಮೊದಲಿನಿಂದಲೂ ಅದಕ್ಕೆ ಕಾನೂನು ಮಾಡುವ ಅಧಿಕಾರ ಇತ್ತು." ಇಲ್ಲೂ ಎರಡನೇ ವಾಕ್ಯ ತಪ್ಪು. ಆ ಸಭೆ ಅಹವಾಲು ಹೇಳಿಕೊಳ್ಳುವ, ಸಲಹೆ ಕೊಡುವ ಸಭೆಯಾಗಿತ್ತು. ಕಾನೂನು ಮಾಡಲೆಂದು ನ್ಯಾಯವಿಧಾಯಕ ಸಭೆ ಬಂದದ್ದು 1907ರಲ್ಲಿ. ಪ್ರತಿನಿಧಿ ಸಭೆಗೆ ಕಾಯಿದೆಯ ಬಲ ಸಿಕ್ಕಿದ್ದು 1923ರಲ್ಲಿ. ಈ ಮೂರು ವರ್ಷಗಳನ್ನು ಒಂದೇ ಕಡೆ, ಒಂದರಿಂದ ಒಂದು ಹೇಗೆ ಬಂತು ಎಂದು ಹೇಳಿದ್ದರೆ ಮಾತ್ರ ನಿಮಗೆ ಉಪಯೋಗ. ಮೂರನ್ನೂ ಬೇರೆ ಬೇರೆ ಪುಟದಲ್ಲಿ ಬಿಡಿ ಸಾಲಾಗಿ ಕೊಟ್ಟಿದ್ದರೆ ಪರೀಕ್ಷೆಯಲ್ಲಿ ನೀವು ಗೊಂದಲಕ್ಕೆ ಬೀಳುತ್ತೀರಿ.

ಮೂರನೆಯದು ಕಾರಣದ ಬಗೆ: "ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಕಾರಣ, ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರರ ಪಾಲು ಬಹಳ ಕಡಿಮೆ ಇತ್ತು." ಎರಡೂ ಸರಿ, ಸಂಬಂಧವೂ ಸರಿ. ಇದಕ್ಕೆ ಸಮಿತಿಯ ಹೆಸರು, ವರ್ಷ ಗೊತ್ತಿದ್ದರೆ ಸಾಲದು. ಆಗಿನ ಬೇಡಿಕೆ ಏನು, ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ನಿಲುವು ಏನಿತ್ತು ಎಂಬ ಹಿನ್ನೆಲೆ ಬೇಕು.

ಹೀಗೆ ಹದಿನೈದು ಪ್ರಶ್ನೆಗಳನ್ನು ಮೂರೂ ಪುಸ್ತಕದಲ್ಲಿ ಹುಡುಕಿ. ಪ್ರತಿಯೊಂದರ ಮುಂದೆ 'ಪೂರ್ತಿ', 'ಅರ್ಧ', 'ಇಲ್ಲ' ಎಂದು ಬರೆಯಿರಿ. 'ಅರ್ಧ' ಅಂದರೆ ಹೆಸರೋ ವರ್ಷವೋ ಇದೆ, ಆದರೆ ಹೇಳಿಕೆ ಸರಿಯೋ ತಪ್ಪೋ ಎಂದು ತೀರ್ಮಾನ ಮಾಡಲು ಆಗುವುದಿಲ್ಲ. ಈ 'ಅರ್ಧ'ದ ಮೇಲೇ ಕಣ್ಣಿಡಿ. ಸಾಮಾನ್ಯವಾಗಿ ಗೈಡ್‌ನಲ್ಲಿ 'ಇಲ್ಲ' ಕಡಿಮೆ, 'ಅರ್ಧ' ಜಾಸ್ತಿ ಇರುತ್ತದೆ. ಅದಕ್ಕೇ ಅಂಗಡಿಯಲ್ಲಿ ಪುಟ ತಿರುವಿ ನೋಡುವಾಗ ಎಲ್ಲವೂ ಇದೆ ಅನ್ನಿಸುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಲ್ಲಿ ಅರ್ಧ ಗೊತ್ತಿರುವುದು ಅಪಾಯ. ಅದು ನಿಮ್ಮನ್ನು ಊಹೆಗೆ ಎಳೆಯುತ್ತದೆ.

ಹದಿನೈದರಲ್ಲಿ ಹತ್ತು 'ಪೂರ್ತಿ' ಬಂದರೆ ಆ ಪುಸ್ತಕ ಸಾಕು. ಹದಿನೈದಕ್ಕೆ ಹದಿನೈದೂ ಸಿಗುವ ಪುಸ್ತಕ ಇಲ್ಲ, ಹುಡುಕಲೂ ಹೋಗಬೇಡಿ. ಎರಡು ಪುಸ್ತಕ ಹತ್ತಿರ ಹತ್ತಿರ ಬಂದರೆ ತೆಳ್ಳಗಿರುವುದನ್ನು ಆರಿಸಿ. ಶಾಲಾ ಪಠ್ಯವೇ ಎಂಟೊಂಬತ್ತರವರೆಗೆ ಬಂದರೆ, ಮೊದಲು ಅದನ್ನು ಓದಿ ಮುಗಿಸಿ. ಆಧಾರ ಪುಸ್ತಕದಿಂದ ಉಳಿದ ಅಧ್ಯಾಯ ಮಾತ್ರ ಗ್ರಂಥಾಲಯದಲ್ಲಿ ಓದಿಕೊಳ್ಳಿ. 8ನೇ ತರಗತಿಯಲ್ಲಿ ಕದಂಬರು, ಗಂಗರು, ಬಾದಾಮಿ ಚಾಲುಕ್ಯರು ಬರುತ್ತಾರೆ. 10ರಲ್ಲಿ ಬ್ರಿಟಿಷರಿಗೆ ಕರ್ನಾಟಕದ ಪ್ರತಿರೋಧ ಮತ್ತು ಮೈಸೂರು ಒಡೆಯರು ಇದ್ದಾರೆ. ತಳಪಾಯಕ್ಕೆ ಇದು ಕಡಿಮೆಯೇನಲ್ಲ.

ಕನ್ನಡ ಮಾಧ್ಯಮದವರು ಇನ್ನೊಂದನ್ನು ನೋಡಬೇಕು. ಪುಸ್ತಕ ಪಾರಿಭಾಷಿಕ ಪದದ ಜೊತೆ ಇಂಗ್ಲಿಷ್ ಪದವನ್ನೂ ಕೊಡುತ್ತದೆಯೇ? 2024ರ ಆಗಸ್ಟ್‌ನಲ್ಲಿ ನಡೆದ ಪೂರ್ವಭಾವಿಯ ಕನ್ನಡ ಅನುವಾದದಲ್ಲಿ ತಪ್ಪುಗಳಿದ್ದು, ದೊಡ್ಡ ಗದ್ದಲವಾಗಿ, ಡಿಸೆಂಬರ್ 29ರಂದು ಮರುಪರೀಕ್ಷೆ ನಡೆದದ್ದು ನಿಮಗೆ ನೆನಪಿರಬಹುದು. ಪ್ರಶ್ನೆಯ ಕನ್ನಡ ಅರ್ಥವಾಗದಿದ್ದರೆ ಪಕ್ಕದ ಇಂಗ್ಲಿಷ್ ನೋಡಲೇಬೇಕು. ವಿತ್ತೀಯ ಕೊರತೆ ಅಂದರೆ ಫಿಸ್ಕಲ್ ಡೆಫಿಸಿಟ್, ರಾಜಸ್ವ ಕೊರತೆ ಅಂದರೆ ರೆವಿನ್ಯೂ ಡೆಫಿಸಿಟ್ ಎಂದು ಗೊತ್ತಿಲ್ಲದೆ ಇದ್ದರೆ ವಿಷಯ ಬಂದರೂ ಅಂಕ ಹೋಗುತ್ತದೆ. ಮುಖ್ಯವಾಗಿ ಅರ್ಥಶಾಸ್ತ್ರ ಮತ್ತು ಪರಿಸರದ ಪುಸ್ತಕಗಳಲ್ಲಿ ಇದನ್ನು ನೋಡಿ. ಇಂಗ್ಲಿಷ್ ಪದ ಕೊಡದ ಪುಸ್ತಕವನ್ನು ಪಕ್ಕಕ್ಕೆ ಇಡಿ.

ಹಂತ 5: ಮುದ್ರಣದ ವರ್ಷ ನಂಬಬೇಡಿ, ಒಳಗೆ ನೋಡಿ

'ಪರಿಷ್ಕೃತ ಆವೃತ್ತಿ' ಎಂದು ರಕ್ಷಾಪುಟದಲ್ಲಿ ದೊಡ್ಡದಾಗಿ ಬರೆದಿರುತ್ತದೆ. ಹಲವು ಸಲ ಹೊಸದು ಅಂದರೆ ರಕ್ಷಾಪುಟ ಮತ್ತು ಕೊನೆಯ ಹತ್ತು ಪುಟದ ಪ್ರಚಲಿತ ವಿದ್ಯಮಾನ ಮಾತ್ರ. ಒಳಗಿನ ಅಧ್ಯಾಯ ಹಳೆಯದೇ. ಇದನ್ನು ಹಿಡಿಯಲು ಈ ನಾಲ್ಕು ಜಾಗ ನೋಡಿದರೆ ಸಾಕು.

ವಿಧಾನಸಭೆಯ ಅಧ್ಯಾಯ ತೆರೆಯಿರಿ. 224 ಚುನಾಯಿತರ ಜೊತೆ ಒಬ್ಬ ಆಂಗ್ಲೋ ಇಂಡಿಯನ್ ನಾಮಕರಣ ಸದಸ್ಯ, ಒಟ್ಟು 225 ಎಂದು ಈಗಿನ ಸ್ಥಿತಿ ಎಂಬಂತೆ ಬರೆದಿದ್ದರೆ ಆ ಅಧ್ಯಾಯವನ್ನು 2020ರ ನಂತರ ಯಾರೂ ಮುಟ್ಟಿಲ್ಲ. 104ನೇ ತಿದ್ದುಪಡಿಯ ನಂತರ ಆ ನಾಮಕರಣ ನಿಂತುಹೋಗಿದೆ.

ಜಿಲ್ಲೆಗಳ ಪಟ್ಟಿ ನೋಡಿ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ 31ನೇ ಜಿಲ್ಲೆ. ಪಟ್ಟಿಯಲ್ಲಿ 31 ಇದ್ದು, ಗಣಿ ಮತ್ತು ನದಿಗಳ ಅಧ್ಯಾಯದಲ್ಲಿ ಹೊಸಪೇಟೆ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದರೆ, ಪಟ್ಟಿಗೆ ಮಾತ್ರ ತೇಪೆ ಹಾಕಿದ್ದಾರೆ ಎಂದರ್ಥ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಗಿದೆ. ಅದನ್ನೂ ಹೀಗೇ ಪರೀಕ್ಷಿಸಿ.

ಪರಿಸರದಲ್ಲಿ ರಾಮ್ಸಾರ್ ತಾಣಗಳನ್ನು ನೋಡಿ. ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಗುರುತಿಸಿದ ಜೌಗು ಪ್ರದೇಶಗಳಿಗೆ ಈ ಹೆಸರು. ಕರ್ನಾಟಕದಲ್ಲಿ ಮೊದಲನೆಯದು ರಂಗನತಿಟ್ಟು, 2022ರಲ್ಲಿ. 2024ರ ಜನವರಿಯಲ್ಲಿ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ ಸೇರಿದವು. ಇವು ಯಾವುದೂ ಇಲ್ಲದ ಪರಿಸರದ ಪುಸ್ತಕ ಹಳೆಯದು.

ಕೊನೆಗೆ ವಿಶ್ವ ಪರಂಪರೆಯ ಪಟ್ಟಿ. ಹಂಪಿ, ಪಟ್ಟದಕಲ್ಲಿನ ಜೊತೆ 2023ರಲ್ಲಿ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಇರಬೇಕು.

ಇದರಿಂದ ಹೊರಡುವ ಒಂದು ಉಳಿತಾಯದ ದಾರಿ ಇದೆ. ಇತಿಹಾಸದ ಆಧಾರ ಪುಸ್ತಕ ಹತ್ತು ವರ್ಷ ಹಳೆಯದಾದರೂ ತೊಂದರೆ ಇಲ್ಲ. ಅದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಿ. ಭೌತಿಕ ಭೂಗೋಳ, ಅಂದರೆ ನದಿ, ಮಣ್ಣು, ಮಳೆಯ ಭಾಗವೂ ಹಾಗೇ. ರಾಜ್ಯಾಡಳಿತ, ಅರ್ಥವ್ಯವಸ್ಥೆ, ಪರಿಸರ, ಈ ಮೂರರಲ್ಲಿ ಮಾತ್ರ ಹಳೆಯ ಪ್ರತಿ ಬೇಡ. ಇದ್ದ ದುಡ್ಡನ್ನು ಅಲ್ಲಿ ಹಾಕಿ. ಲಕ್ಷ್ಮೀಕಾಂತ್ ಅವರ ರಾಜ್ಯಾಡಳಿತದ ದಪ್ಪ ಪುಸ್ತಕವನ್ನು ಸೀನಿಯರ್ ಬಿಟ್ಟುಕೊಟ್ಟರು ಎಂದು ಸುಮ್ನೆ ಇಟ್ಟುಕೊಳ್ಳುವವರು ಮೊದಲು ಅದರ ಆವೃತ್ತಿ ನೋಡಿ. 2023ರ 106ನೇ ತಿದ್ದುಪಡಿ, ಅಂದರೆ ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳಾ ಮೀಸಲಾತಿ, ಅದರಲ್ಲಿ ಇದೆಯೇ ಎಂದು ನೋಡಿಕೊಳ್ಳಿ.

ಹಂತ 6: ಪ್ರಶ್ನೆಕೋಶವನ್ನು ಬದಲಾದ ಉತ್ತರಗಳಿಂದ ಅಳೆಯಿರಿ

ಹಳೆಯ ಪ್ರಶ್ನೆಪತ್ರಿಕೆಗಳನ್ನು ಉತ್ತರ, ವಿವರಣೆಯ ಸಮೇತ ಕೊಡುವ ಪುಸ್ತಕಗಳಿವೆ. ಇಂಥದ್ದು ಒಂದು ಬೇಕು. ಆದರೆ ತಪ್ಪುಗಳು ಜಾಸ್ತಿ ಇರುವುದೂ ಇವುಗಳಲ್ಲೇ.

ಪರೀಕ್ಷೆ ಆದ ಮೇಲೆ ಆಯೋಗ ಮೊದಲು ತಾತ್ಕಾಲಿಕ ಕೀ ಉತ್ತರ ಹಾಕುತ್ತದೆ. ಅಭ್ಯರ್ಥಿಗಳು ಆಕ್ಷೇಪಣೆ ಸಲ್ಲಿಸುತ್ತಾರೆ. ಅವನ್ನು ನೋಡಿದ ಮೇಲೆ ಪರಿಷ್ಕೃತ ಕೀ ಉತ್ತರ ಬರುತ್ತದೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು, ಉತ್ತರ ಬದಲಾದ ಪ್ರಶ್ನೆಗಳನ್ನು ಗುರುತು ಮಾಡಿಕೊಳ್ಳಿ. ಕೆಲವೇ ಇರುತ್ತವೆ. ಆ ಪ್ರಶ್ನೆಗಳಿಗೆ ಪ್ರಶ್ನೆಕೋಶ ಯಾವ ಉತ್ತರ ಕೊಟ್ಟಿದೆ ನೋಡಿ. ತಾತ್ಕಾಲಿಕ ಕೀಯ ಹಳೆಯ ಉತ್ತರವೇ ಇದ್ದು, ಅದಕ್ಕೆ ಸರಿಹೊಂದುವಂತೆ ವಿವರಣೆಯನ್ನೂ ಬರೆದಿದ್ದರೆ, ಬರೆದವರು ವಿಷಯ ನೋಡದೆ ಉತ್ತರ ನೋಡಿ ವಿವರಣೆ ಕಟ್ಟಿದ್ದಾರೆ ಎಂದು ಗೊತ್ತಾಗುತ್ತದೆ. ಅಂಥ ಪುಸ್ತಕದ ಉಳಿದ ವಿವರಣೆಗಳನ್ನೂ ನಂಬಬಾರದು. ಬೇರೆಯದನ್ನು ಎತ್ತಿಕೊಳ್ಳಿ.

ಒಳ್ಳೆಯ ಪ್ರಶ್ನೆಕೋಶ ಸರಿಯುತ್ತರ ಯಾಕೆ ಸರಿ ಎನ್ನುವುದರ ಜೊತೆ ಉಳಿದ ಮೂರು ಆಯ್ಕೆ ಯಾಕೆ ತಪ್ಪು ಎಂದೂ ಹೇಳುತ್ತದೆ. ಇದೊಂದನ್ನು ನೋಡಿಯೇ ಅರ್ಧ ತೀರ್ಮಾನ ಮಾಡಬಹುದು.

ಮಾನಸಿಕ ಸಾಮರ್ಥ್ಯಕ್ಕೆ ಮಾತ್ರ ಅಭ್ಯಾಸದ ಗೈಡ್ ಒಂದು ಕೊಳ್ಳಿ. ಅಲ್ಲಿ ಲೆಕ್ಕ ಮಾಡಿ ಮಾಡಿಯೇ ಕೈ ಪಳಗಬೇಕು. ಬ್ಯಾಂಕ್ ಪರೀಕ್ಷೆಗೆಂದು ಬರೆದ ದಪ್ಪ ಪುಸ್ತಕ ಬೇಡ. ಅದರ ಅರ್ಧಕ್ಕಿಂತ ಹೆಚ್ಚು ಭಾಗ ಈ ಪತ್ರಿಕೆಗೆ ಬೇಕಾಗಿಲ್ಲ.

ಹಂತ 7: ಪುಟ ಎಣಿಸಿ

ಆರಿಸಿದ ಎಲ್ಲ ಪುಸ್ತಕಗಳ ಪುಟ ಕೂಡಿಸಿ. ಒಂದು ಸಲ ಓದಿದರೆ ಏನೂ ನಿಲ್ಲುವುದಿಲ್ಲ, ಕಡಿಮೆ ಅಂದರೂ ಮೂರು ಸಲ ಆಗಬೇಕು. ಒಟ್ಟು 2,000 ಪುಟ ಎಂದುಕೊಳ್ಳಿ. ಮೊದಲ ಓದು ದಿನಕ್ಕೆ 25 ಪುಟದಂತೆ 80 ದಿನ. ಎರಡನೆಯದು ದಿನಕ್ಕೆ 50ರಂತೆ 40 ದಿನ. ಮೂರನೆಯದು 100ರಂತೆ 20 ದಿನ. ಒಟ್ಟು 140 ದಿನ, ಅಂದರೆ ಹೆಚ್ಚು ಕಡಿಮೆ ಐದು ತಿಂಗಳು. ಪತ್ರಿಕೆ ಓದುವುದು, ಲೆಕ್ಕದ ಅಭ್ಯಾಸ ಇದರ ಜೊತೆಗೆ ನಡೆಯಬೇಕು. ಪುಟ 4,000 ಆದರೆ ಅದೇ ವೇಗದಲ್ಲಿ 280 ದಿನ ಬೇಕು. ಪರೀಕ್ಷೆಗೆ ಆರು ತಿಂಗಳು ಇದ್ದರೆ ಮೂರನೇ ಓದು ಆಗುವುದೇ ಇಲ್ಲ.

ನಿಮ್ಮ ವೇಗ ಬೇರೆ ಇರಬಹುದು. ಕೆಲಸಕ್ಕೆ ಹೋಗುವವರಿಗೆ ದಿನಕ್ಕೆ 25 ಪುಟವೂ ಕಷ್ಟ. ಒಂದು ವಾರ ಓದಿ ನೋಡಿ, ನಿಜವಾದ ಸಂಖ್ಯೆ ಹಾಕಿ ಲೆಕ್ಕ ಮಾಡಿ. ದಿನ ಸಾಲದೆ ಬಂದರೆ ಪುಸ್ತಕ ಕಡಿಮೆ ಮಾಡಿ, ಓದಿನ ಸುತ್ತು ಕಡಿಮೆ ಮಾಡಬೇಡಿ.

ಹಂತ 8: ಎಲ್ಲಿ ನೋಡಬೇಕು, ಎಲ್ಲಿ ಕೊಳ್ಳಬೇಕು

ನಿಮ್ಮ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ವಿಭಾಗ ಇದೆಯೇ ವಿಚಾರಿಸಿ. ಹದಿನೈದು ಪ್ರಶ್ನೆಗಳ ಪರೀಕ್ಷೆ ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಯಾರೂ ಎದ್ದೇಳಿ ಅನ್ನುವುದಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಸಿಗುತ್ತವೆ. ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರದಂಥ ಕಡೆ ಕೋಚಿಂಗ್ ಸುತ್ತಮುತ್ತಲ ಅಂಗಡಿಗಳಲ್ಲಿ ಎಲ್ಲವೂ ಒಂದೇ ಕಡೆ ನೋಡಬಹುದು. ಆದರೆ "ಎಲ್ಲರೂ ಇದನ್ನೇ ತಗೊಳ್ತಾರೆ" ಎಂಬ ಮಾತಿಗೆ ಮರುಳಾಗಬೇಡಿ. ಪೂರ್ತಿ ಸೆಟ್ ಕೊಂಡರೆ ರಿಯಾಯಿತಿ ಎಂದರೂ ಬೇಡ. ನಿಮಗೆ ಬೇಕಾದ ಎರಡು ಪುಸ್ತಕದ ಜೊತೆ ಬೇಡದ ಆರು ಬರುತ್ತವೆ.

ಟೆಲಿಗ್ರಾಂನಲ್ಲಿ ಹರಿದಾಡುವ ಸ್ಕ್ಯಾನ್ ಪಿಡಿಎಫ್‌ಗಳನ್ನು ನೆಚ್ಚಿಕೊಳ್ಳಬೇಡಿ. ಬರೆದವರಿಗೆ ಅನ್ಯಾಯ ಎನ್ನುವುದು ಒಂದು ಮಾತು. ಅವು ಹೆಚ್ಚಾಗಿ ಹಳೆಯ ಆವೃತ್ತಿಯವು, ನಡುವೆ ಪುಟಗಳೂ ಇರುವುದಿಲ್ಲ ಎನ್ನುವುದು ಇನ್ನೊಂದು.

ರ‍್ಯಾಂಕ್ ಬಂದವರು ಹೇಳುವ ಪಟ್ಟಿಯ ಬಗ್ಗೆಯೂ ಒಂದು ಮಾತು. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಅವರು ಹಲವು ವರ್ಷ ಓದಿದ್ದು, ಮುಖ್ಯ ಪರೀಕ್ಷೆಗೆ ಓದಿದ್ದು, ನಡುವೆ ಕೈಬಿಟ್ಟದ್ದು ಎಲ್ಲವೂ ಆ ಪಟ್ಟಿಯಲ್ಲಿ ಸೇರಿಹೋಗಿರುತ್ತದೆ. ಅವರನ್ನು ಕೇಳಲು ಸಿಕ್ಕರೆ "ಯಾವುದನ್ನು ಓದಿದಿರಿ" ಎಂದು ಕೇಳಬೇಡಿ. "ಯಾವುದನ್ನು ಮೂರು ಸಲ ಓದಿದಿರಿ" ಎಂದು ಕೇಳಿ. ಉತ್ತರ ಬಹಳ ಚಿಕ್ಕದಾಗಿರುತ್ತದೆ.

ಇಷ್ಟೆಲ್ಲ ಆದ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ?

ಪದವಿ ಮುಗಿಸಿ, ಕನ್ನಡದಲ್ಲಿ ಓದುವ ಒಬ್ಬರಿಗೆ ಈ ಲೆಕ್ಕ ಸಾಮಾನ್ಯವಾಗಿ ಹೀಗೆ ಬರುತ್ತದೆ. ಪುಕ್ಕಟೆ: ಶಾಲಾ ಪಠ್ಯಗಳು, ಎರಡು ಆರ್ಥಿಕ ಸಮೀಕ್ಷೆ, ಬಜೆಟ್ ಭಾಷಣ, ಪಂಚಾಯತ್ ರಾಜ್ ಅಧಿನಿಯಮ. ಸೆಕೆಂಡ್ ಹ್ಯಾಂಡ್: ಕರ್ನಾಟಕ ಇತಿಹಾಸ ಒಂದು, ಭಾರತದ ಆಧುನಿಕ ಇತಿಹಾಸ ಒಂದು. ಹೊಸದು: ರಾಜ್ಯಾಡಳಿತ ಒಂದು, ಪರಿಸರ ಮತ್ತು ತಂತ್ರಜ್ಞಾನಕ್ಕೆ ಒಂದು, ಪ್ರಶ್ನೆಕೋಶ ಒಂದು, ಮಾನಸಿಕ ಸಾಮರ್ಥ್ಯ ಒಂದು. ಭೂಗೋಳಕ್ಕೆ ಶಾಲಾ ಪಠ್ಯದ ಜೊತೆ ಒಂದು ಒಳ್ಳೆಯ ಅಟ್ಲಾಸ್. ದಿನಪತ್ರಿಕೆ ಗ್ರಂಥಾಲಯದಲ್ಲಿ ಓದಬಹುದು. ಕೊಳ್ಳಬೇಕಾದದ್ದು ಏಳು, ಅಷ್ಟೇ.

ಆಮೇಲೆ ಓದುತ್ತಾ ಹೋಗುವಾಗ ಕೊರತೆ ಕಾಣುತ್ತದೆ. ಉದಾಹರಣೆಗೆ ನಂಜುಂಡಪ್ಪ ಸಮಿತಿ. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ಕೊಟ್ಟ ಈ ಸಮಿತಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅವನ್ನು ಅತ್ಯಂತ ಹಿಂದುಳಿದ 39, ಅತಿ ಹಿಂದುಳಿದ 40, ಹಿಂದುಳಿದ 35 ಎಂದು ಮೂರು ಮಾಡಿತು. ನಿಮ್ಮ ಪುಸ್ತಕದಲ್ಲಿ ಒಟ್ಟು ಸಂಖ್ಯೆ ಮಾತ್ರ ಇದ್ದು, ವಿಂಗಡಣೆ ಇಲ್ಲದಿರಬಹುದು. ಅದಕ್ಕಾಗಿ 'ಕರ್ನಾಟಕ ಅಭಿವೃದ್ಧಿ' ಎಂಬ ಇನ್ನೊಂದು ಗೈಡ್ ಕೊಳ್ಳಬೇಡಿ. ಗ್ರಂಥಾಲಯದಲ್ಲಿ ಆ ಭಾಗ ಓದಿ, ಅರ್ಧ ಪುಟದ ಟಿಪ್ಪಣಿ ಮಾಡಿ, ನಿಮ್ಮ ಪುಸ್ತಕದ ಅದೇ ಅಧ್ಯಾಯದಲ್ಲಿ ಅಂಟಿಸಿ. ಮುಂದಿನ ಓದಿನಲ್ಲಿ ಅದು ತಾನಾಗಿಯೇ ಎದುರಿಗೆ ಬರುತ್ತದೆ.

ಅಂಟಿಸಿದ ಚೀಟಿಗಳು ಒಂದೇ ಪುಸ್ತಕದಲ್ಲಿ ತೀರಾ ಜಾಸ್ತಿ ಆಗುತ್ತಿವೆ, ಪ್ರತಿ ಅಧ್ಯಾಯದಲ್ಲೂ ಮೂರು ನಾಲ್ಕು ಬರುತ್ತಿವೆ ಎಂದಾದರೆ ಮಾತ್ರ ಆ ಪುಸ್ತಕದ ಆಯ್ಕೆ ತಪ್ಪಾಗಿದೆ. ಮೊದಲ ಓದು ಮುಗಿಯುವ ಮೊದಲೇ ಬದಲಾಯಿಸಿ. ಎರಡನೇ ಓದು ಶುರುವಾದ ಮೇಲೆ ಯಾರು ಎಷ್ಟೇ ಹೇಳಿದರೂ ಪುಸ್ತಕ ಬದಲಾಯಿಸಬೇಡಿ. ಬದಲಾಯಿಸಿದರೆ ಎಣಿಕೆ ಮತ್ತೆ ಮೊದಲ ಓದಿನಿಂದ, ದಿನಕ್ಕೆ 25 ಪುಟದಿಂದ ಶುರುವಾಗುತ್ತದೆ.